ಚಾಟ್ ಡೆಸ್ಕ್: ಮೊದಲ ಮಾತು

ಚಾಟ್ ತೆರೆದ ಕೂಡಲೇ

ನಮಸ್ಕಾರ. ನಾನು ಸವಿತಾ, ದಾವಣಗೆರೆಯ ಬ್ಯಾಂಕ್ ಚಾಟ್ ಡೆಸ್ಕ್‌ನಿಂದ. ಏನಾಗಿದೆ ಹೇಳಿ, ನೋಡೋಣ.

ಏನಾಯಿತು, ಯಾವಾಗ, ಎಷ್ಟು ರೂಪಾಯಿ ಅಂತ ಬರೆದರೆ ಬೇಗ ಹುಡುಕಬಹುದು. ಹೀಗೆ ಬರೆದರೂ ಸಾಕು:

“ನಿನ್ನೆ ಸಂಜೆ 7 ಗಂಟೆಗೆ ಪಿ.ಬಿ. ರಸ್ತೆಯ ಎಟಿಎಂನಲ್ಲಿ 5,000 ತೆಗೆಯಲು ಹೋದೆ. ನೋಟು ಬರಲಿಲ್ಲ, ಖಾತೆಯಿಂದ ಮಾತ್ರ ಕಟ್ ಆಗಿದೆ.”

ಕಾಗುಣಿತ ತಪ್ಪಿದರೆ ಪರವಾಗಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೂ ಓದುತ್ತೇನೆ. ಓಟಿಪಿ, ಪಿನ್, ಸಿವಿವಿ ಮಾತ್ರ ಇಲ್ಲಿ ಹಾಕಬೇಡಿ. ನಾನು ಅವನ್ನು ಕೇಳುವುದೂ ಇಲ್ಲ.

(ಡೆಸ್ಕ್‌ನವರಿಗೆ: ಇಷ್ಟು ಕಳಿಸಿ ಕಾಯಿರಿ. ಹಬ್ಬದ ಶುಭಾಶಯ, ಹೊಸ ಸಾಲದ ಜಾಹೀರಾತು ಇಲ್ಲಿ ಬೇಡ. ದುಡ್ಡು ಕಳೆದುಕೊಂಡ ಗಾಬರಿಯಲ್ಲಿ ಬಂದವರಿಗೆ ಚಿನ್ನದ ಸಾಲದ ಬಡ್ಡಿ ದರ ತೋರಿಸಿದರೆ ಸಿಟ್ಟು ಬಾರದೆ ಇರುತ್ತದಾ? ಹೆಸರು ನೋಡಿ ಸರ್, ಮೇಡಂ ಅಂತ ಊಹಿಸಲೂ ಬೇಡಿ. ಎಷ್ಟೋ ಸಲ ಅಪ್ಪನ ಫೋನಿನಲ್ಲಿ ಟೈಪ್ ಮಾಡುವುದು ಮಗಳು.)

“ಹಲೋ” ಅಂದು ಸುಮ್ಮನಾದರೆ

ಇದ್ದೇನೆ, ಹೇಳಿ. ಎಟಿಎಂ, ಯುಪಿಐ, ಪಾಸ್‌ಬುಕ್, ಕೆವೈಸಿ, ಸಾಲ, ಯಾವುದರ ವಿಚಾರ? ಒಂದು ಪದ ಬರೆದರೂ ಸಾಕು, ಮಿಕ್ಕಿದ್ದನ್ನು ನಾನೇ ಕೇಳುತ್ತೇನೆ.

“ದುಡ್ಡು ಹೋಗಿದೆ” ಅಂತಷ್ಟೇ ಬಂದರೆ

ಜಾಸ್ತಿ ಬರುವ ಪ್ರಶ್ನೆ ಇದೇ. ಎಲ್ಲವನ್ನೂ ಒಟ್ಟಿಗೆ ಕೇಳಬೇಡಿ. ಮೊದಲು ಇದು:

ಸರಿ, ನೋಡುತ್ತೇನೆ. ಇದು ನೀವೇ ಮಾಡಿದ ವಹಿವಾಟಾ, ಅಥವಾ ನಿಮಗೆ ಗೊತ್ತಿಲ್ಲದೆ ಹೋಗಿದೆಯಾ?

ಗೊತ್ತಿಲ್ಲದೆ ಹೋಗಿದೆ ಅಂದರೆ ಬೇರೆ ಪ್ರಶ್ನೆ ಆಮೇಲೆ, ಕೂಡಲೇ ಹೀಗೆ ಬರೆಯಿರಿ:

ಮೊದಲು ಕಾರ್ಡ್ ಮತ್ತು ಯುಪಿಐ ನಿಲ್ಲಿಸೋಣ. ಸರಿ ಅನ್ನಿ, ನಿಲ್ಲಿಸುವ ಕೆಲಸ ಇಲ್ಲಿಂದಲೇ ಶುರು ಮಾಡುತ್ತೇನೆ. ಅಷ್ಟರಲ್ಲಿ ನೀವು 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. cybercrime.gov.in ನಲ್ಲೂ ದೂರು ಹಾಕಬಹುದು. ಬೇಗ ಹೇಳಿದಷ್ಟೂ ದುಡ್ಡು ಮುಂದೆ ಹೋಗದಂತೆ ತಡೆಯುವ ಅವಕಾಶ ಜಾಸ್ತಿ. ಚಾಟ್ ಮುಚ್ಚಬೇಡಿ, ನಾನು ಇಲ್ಲೇ ಇರುತ್ತೇನೆ.

ನಾನೇ ಮಾಡಿದ್ದು, ಎಟಿಎಂನಲ್ಲಿ ನೋಟು ಬರಲಿಲ್ಲ ಅಂದರೆ:

ಯಾವ ದಿನ, ಸುಮಾರು ಎಷ್ಟು ಗಂಟೆಗೆ, ಎಷ್ಟು ರೂಪಾಯಿ? ಕಾರ್ಡಿನ ಕೊನೆಯ 4 ಅಂಕಿ ಸಾಕು, ಪೂರ್ತಿ ನಂಬರ್ ಬೇಡ. ವಹಿವಾಟಿನ ಮರುದಿನದಿಂದ ಲೆಕ್ಕ ಹಾಕಿ 5 ದಿನದೊಳಗೆ ಹಣ ವಾಪಸ್ ಹಾಕಬೇಕು ಅಂತ ಆರ್‌ಬಿಐ ನಿಯಮವಿದೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವೂ ಬರಬೇಕು. ಎಟಿಎಂ ಚೀಟಿ ಬಂದಿದ್ದರೆ ಇಟ್ಟುಕೊಂಡಿರಿ. ಬಾರದಿದ್ದರೂ ದೂರು ನಿಲ್ಲುವುದಿಲ್ಲ.

ಯುಪಿಐ ಆದರೆ:

ಆ್ಯಪ್‌ನಲ್ಲಿ ಆ ವಹಿವಾಟು ತೆರೆದರೆ 12 ಅಂಕಿಯ ಯುಟಿಆರ್ ನಂಬರ್ ಕಾಣುತ್ತದೆ. ಅದನ್ನು ಕಳಿಸುತ್ತೀರಾ? ಅದು ಗುಟ್ಟಿನ ನಂಬರ್ ಅಲ್ಲ, ಹಾಕಬಹುದು.

(ಈ ಕೊನೆಯ ಮಾತು ಬಿಡಬೇಡಿ. ಯಾವ ನಂಬರ್ ಕೊಡಬಹುದು, ಯಾವುದು ಕೊಡಬಾರದು ಅನ್ನುವುದರಲ್ಲೇ ಜನ ತಡವರಿಸುತ್ತಾರೆ. ಹೆದರಿ ಯುಟಿಆರ್ ಬಚ್ಚಿಡುತ್ತಾರೆ, ಆದರೆ ಪಿನ್ ಟೈಪ್ ಮಾಡಿಬಿಡುತ್ತಾರೆ! ಹಾಗಾದರೆ ಗದರಬೇಡಿ. “ಆ ಪಿನ್ ಈಗಲೇ ಬದಲಾಯಿಸಿ, ಕಾಯುತ್ತೇನೆ” ಅನ್ನಿ, ಸಾಕು.)

ಇನ್ನೊಬ್ಬರ ಖಾತೆ ಬಗ್ಗೆ ಕೇಳಿದರೆ

ಅಪ್ಪನ ಪರವಾಗಿ ಕೇಳುತ್ತಿದ್ದೀರಿ, ಅಲ್ವಾ? ಏನು ಕಾಗದ ಬೇಕು, ಎಲ್ಲಿ ಹೋಗಬೇಕು ಅನ್ನುವುದನ್ನು ನಿಮಗೇ ಹೇಳುತ್ತೇನೆ. ಖಾತೆಯಲ್ಲಿ ಎಷ್ಟಿದೆ, ಏನು ಆಗಿದೆ ಅನ್ನುವುದನ್ನು ಮಾತ್ರ ಅವರಿಗೇ ಹೇಳಬೇಕಾಗುತ್ತದೆ. ಅವರು ಪಕ್ಕದಲ್ಲಿದ್ದರೆ ಈಗಲೇ ಫೋನ್ ಮಾಡುತ್ತೇನೆ. ಖಾತೆಗೆ ಕೊಟ್ಟಿರುವ ನಂಬರಿಗೇ ಕರೆ ಬರುತ್ತದೆ.

ಹುಡುಕಲು ಹೊತ್ತು ಬೇಕಾದರೆ

“ದಯವಿಟ್ಟು ನಿರೀಕ್ಷಿಸಿ” ಬೇಡ. ಏನು ಮಾಡುತ್ತಿದ್ದೀರಿ ಅಂತ ಹೇಳಿ:

ನಿನ್ನೆಯ ಎಟಿಎಂ ದಾಖಲೆ ತೆರೆಯುತ್ತಿದ್ದೇನೆ, 4 ನಿಮಿಷ ಕೊಡಿ. ಬೇರೆ ಕೆಲಸವಿದ್ದರೆ ಮಾಡಿಕೊಳ್ಳಿ, ಉತ್ತರ ಇಲ್ಲೇ ಬಂದಿರುತ್ತದೆ.

ಡೆಸ್ಕ್ ಮುಚ್ಚಿದ ಹೊತ್ತಿನಲ್ಲಿ

ನಮಸ್ಕಾರ. ಈಗ ಡೆಸ್ಕ್‌ನಲ್ಲಿ ಯಾರೂ ಇಲ್ಲ. ಬೆಳಿಗ್ಗೆ 9ರಿಂದ ಸಂಜೆ 7ರವರೆಗೆ ಇರುತ್ತೇವೆ. ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ನಿಮ್ಮ ಪ್ರಶ್ನೆ ಬರೆದಿಡಿ, ಡೆಸ್ಕ್ ತೆರೆದ ಕೂಡಲೇ ಮೊದಲು ಓದುವುದು ಅದನ್ನೇ. ಕಾರ್ಡ್ ಕಳೆದಿದ್ದರೆ ನಮಗಾಗಿ ಕಾಯಬೇಡಿ: ಆ್ಯಪ್‌ನಲ್ಲಿ ಬ್ಲಾಕ್ ಮಾಡಿ. ಹಣ ಮೋಸದಿಂದ ಹೋಗಿದ್ದರೆ ಈಗಲೇ 1930.