ಪೂರ್ಣ ಮತ್ತು ಅಂತಿಮ ಲೆಕ್ಕ ಪತ್ರ

ಸಂಬಳ ಮತ್ತು ಲೆಕ್ಕಪತ್ರ ವಿಭಾಗ
ಪ್ರಧಾನ ಕಚೇರಿ, ಪಿ.ಬಿ. ರಸ್ತೆ, ದಾವಣಗೆರೆ
ದಿನಾಂಕ: 24 ಫೆಬ್ರವರಿ 2025

ಗೆ,
ಶ್ರೀ ಮಂಜುನಾಥ್
ಏರಿಯಾ ಸೇಲ್ಸ್ ಮ್ಯಾನೇಜರ್, ಕೃಷಿ ಪಂಪ್ ವಿಭಾಗ (ದಾವಣಗೆರೆ–ಚಿತ್ರದುರ್ಗ)
ನೌಕರರ ಸಂಖ್ಯೆ 0417

ಸೇರಿದ ದಿನ: 5 ಜುಲೈ 2021
ರಾಜೀನಾಮೆ ಕೊಟ್ಟ ದಿನ: 17 ಜನವರಿ 2025
ಕೆಲಸದ ಕೊನೆಯ ದಿನ: 15 ಫೆಬ್ರವರಿ 2025
ತಿಂಗಳ ಸಂಬಳ: ಬೇಸಿಕ್ ರೂ. 46,000, ಮನೆ ಬಾಡಿಗೆ ಭತ್ಯೆ ರೂ. 18,400, ವಿಶೇಷ ಭತ್ಯೆ ರೂ. 17,600, ಒಟ್ಟು ರೂ. 82,000

ಮಂಜುನಾಥ್ ಅವರೇ,

ನಿಮ್ಮ ಅಂತಿಮ ಲೆಕ್ಕ ಮುಗಿದಿದೆ. ನಿಮಗೆ ಬರಬೇಕಾದ ನಿವ್ವಳ ಹಣ ರೂ. 60,286. ನೀವು ಫೋನಿನಲ್ಲಿ ಹೇಳಿದ ಅಂದಾಜಿಗಿಂತ ಇದು ಕಡಿಮೆ, ಅದು ಗೊತ್ತು. ಅದಕ್ಕೇ ಬರೀ ಅಂಕಿ ಕಳಿಸದೆ, ಯಾವುದು ಹೇಗೆ ಬಂತು ಅಂತ ಕೆಳಗೆ ಬರೆದಿದ್ದೇನೆ.

| ಕೊಡಬೇಕಾದದ್ದು | ರೂ. |
|---|---|
| ಫೆಬ್ರವರಿ ಸಂಬಳ (28ರಲ್ಲಿ 15 ದಿನ) | 43,929 |
| ಅಕ್ಟೋಬರ್–ಡಿಸೆಂಬರ್ ಇನ್ಸೆಂಟಿವ್ | 24,000 |
| ಉಳಿದ ರಜೆಯ ಹಣ (26 ದಿನ) | 39,867 |
| ಜನವರಿ ಟೂರ್ ಬಿಲ್ | 6,480 |
| ಒಟ್ಟು | 1,14,276 |

| ಹಿಡಿದದ್ದು | ರೂ. |
|---|---|
| ನೋಟಿಸ್ ಅವಧಿಯ ವಸೂಲಿ (24 ದಿನ) | 36,800 |
| ಪಿಎಫ್, ನಿಮ್ಮ ಪಾಲು | 1,800 |
| ವೃತ್ತಿ ತೆರಿಗೆ | 200 |
| ಆದಾಯ ತೆರಿಗೆ (ಟಿಡಿಎಸ್) | 5,040 |
| ಸಂಬಳ ಮುಂಗಡದ ಬಾಕಿ | 10,000 |
| ಕಳೆದುಹೋದ ಗುರುತಿನ ಚೀಟಿ | 150 |
| ಒಟ್ಟು | 53,990 |

ನಿವ್ವಳ ಪಾವತಿ: ರೂ. 60,286 (ಅರವತ್ತು ಸಾವಿರದ ಇನ್ನೂರ ಎಂಬತ್ತಾರು ರೂಪಾಯಿ ಮಾತ್ರ)

ನೋಟಿಸ್ ವಸೂಲಿ

ನಿಮ್ಮ ನೇಮಕಾತಿ ಪತ್ರದ ಪ್ರಕಾರ ನೋಟಿಸ್ 60 ದಿನ. ರಾಜೀನಾಮೆ ಕೊಟ್ಟ ಜನವರಿ 17ರಿಂದಲೇ ಎಣಿಸಿದರೆ ಅದು ಮಾರ್ಚ್ 17ಕ್ಕೆ ಮುಗಿಯಬೇಕಿತ್ತು. ನೀವು ಫೆಬ್ರವರಿ 15ರವರೆಗೆ 30 ದಿನ ಕೆಲಸ ಮಾಡಿದ್ದೀರಿ. ಇನ್ನು 30 ದಿನ ಕಡಿಮೆ ಬಿತ್ತು.

ಅದರಲ್ಲಿ 6 ದಿನ ಬಿಟ್ಟುಕೊಡಲಾಗಿದೆ. ನಿಮ್ಮ ಜಾಗಕ್ಕೆ ಬಂದ ಹುಡುಗನನ್ನು ಕರೆದುಕೊಂಡು ಹಿರಿಯೂರು, ಹೊಸದುರ್ಗ, ಜಗಳೂರಿನ ಡೀಲರ್‌ಗಳ ಹತ್ತಿರ ಹೋಗಿ ಪರಿಚಯ ಮಾಡಿಸಿದ್ದಿರಿ ಅಲ್ವಾ, ಅದಕ್ಕೆ ಸೇಲ್ಸ್ ಮುಖ್ಯಸ್ಥರು ಬರಹದಲ್ಲೇ ಒಪ್ಪಿಗೆ ಕೊಟ್ಟಿದ್ದಾರೆ. ಉಳಿದದ್ದು 24 ದಿನ. ವಸೂಲಿ ಬೇಸಿಕ್ ಮೇಲೆ ಮಾತ್ರ, ಪೂರ್ತಿ ಸಂಬಳದ ಮೇಲಲ್ಲ. 46,000ವನ್ನು 30ರಿಂದ ಭಾಗಿಸಿ 24ರಿಂದ ಗುಣಿಸಿದರೆ 36,800.

"ರಜೆ ಇದೆಯಲ್ಲ, ಅದನ್ನೇ ನೋಟಿಸ್‌ಗೆ ಹೊಂದಿಸಿ" ಅಂತ ಕೇಳಿದ್ದಿರಿ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಇದ್ದಿದ್ದರೂ ನಿಮಗೆ ಒಂದು ರೂಪಾಯಿ ಜಾಸ್ತಿ ಸಿಗುತ್ತಿರಲಿಲ್ಲ. ರಜೆಗೆ ಕೊಡುವುದೂ ನೋಟಿಸ್‌ಗೆ ಹಿಡಿಯುವುದೂ ಒಂದೇ ದರದಲ್ಲಿ, ದಿನಕ್ಕೆ ರೂ. 1,533.33. 24 ದಿನ ಹೊಂದಿಸಿದರೆ 2 ದಿನದ ರಜೆ ಹಣ ಉಳಿಯುತ್ತದೆ. ಈಗ ಎರಡನ್ನೂ ಬೇರೆ ಬೇರೆ ತೋರಿಸಿದರೂ ಅಷ್ಟೇ ಉಳಿಯುತ್ತದೆ.

ಈ ವಸೂಲಿಯ ಮೇಲೆ ಜಿಎಸ್‌ಟಿ ಹಾಕಿಲ್ಲ. ನೋಟಿಸ್ ಹಣಕ್ಕೆ ಜಿಎಸ್‌ಟಿ ಬರುವುದಿಲ್ಲ ಅಂತ 3 ಆಗಸ್ಟ್ 2022ರ ಸುತ್ತೋಲೆ ಸ್ಪಷ್ಟಪಡಿಸಿದೆ. ಬೇರೆ ಕಡೆ ಹಾಕಿದ್ದನ್ನು ಕೇಳಿ ನೀವು ಗಾಬರಿಯಾಗಿದ್ದಿರಿ, ಅದಕ್ಕೆ ಬರೆದೆ.

ರಜೆಯ ಹಣ

ಏಪ್ರಿಲ್ 1, 2024ಕ್ಕೆ ನಿಮ್ಮ ಖಾತೆಯಲ್ಲಿ 19 ಗಳಿಕೆ ರಜೆ ಇತ್ತು. ತಿಂಗಳಿಗೆ ಒಂದೂವರೆಯಂತೆ ಫೆಬ್ರವರಿಯೂ ಸೇರಿ 11 ತಿಂಗಳಿಗೆ 16.5 ಸೇರಿತು. ತಿಂಗಳಲ್ಲಿ 15 ದಿನ ಕೆಲಸ ಮಾಡಿದವರಿಗೆ ಆ ತಿಂಗಳ ರಜೆ ಪೂರ್ತಿ ಕೊಡುತ್ತೇವೆ, ನೀವು ಸರಿಯಾಗಿ 15 ಮುಟ್ಟಿದ್ದೀರಿ. ಒಟ್ಟು 35.5.

ನಮ್ಮ ರಿಜಿಸ್ಟರ್‌ನಲ್ಲಿ 10.5 ದಿನ ಬಳಸಿದ್ದು ಅಂತ ಇತ್ತು. ನೀವು ತಕರಾರು ತೆಗೆದಿದ್ದು ಡಿಸೆಂಬರ್ 11ರ ಬಗ್ಗೆ. ಆ ದಿನ ರಜೆ ಅಂತ ಗುರುತು ಹಾಕಲಾಗಿತ್ತು. ಹುಡುಕಿ ನೋಡಿದಾಗ ಅದೇ ದಿನದ ನಿಮ್ಮ ಪೆಟ್ರೋಲ್ ಬಿಲ್ ಸಿಕ್ಕಿತು, ಚಳ್ಳಕೆರೆಯ ಬಂಕಿನದು, ಬೆಳಿಗ್ಗೆ 10:40ಕ್ಕೆ. ಆ ಬಿಲ್‌ಗೆ ನಾವೇ ಹಣವನ್ನೂ ಕೊಟ್ಟಿದ್ದೇವೆ. ರಜೆಯಲ್ಲಿದ್ದವರಿಗೆ ಟೂರ್ ಬಿಲ್ ಪಾಸ್ ಮಾಡುತ್ತೇವಾ? ತಪ್ಪು ನಮ್ಮದೇ. ಆ ಒಂದು ದಿನವನ್ನು ನಿಮಗೆ ವಾಪಸ್ ಸೇರಿಸಿದೆ. ಬಳಸಿದ್ದು 9.5, ಉಳಿದದ್ದು 26.

26 ದಿನಕ್ಕೆ 46,000 ÷ 30 ದರದಲ್ಲಿ ರೂ. 39,867. ಇದಕ್ಕೆ ತೆರಿಗೆ ಇಲ್ಲ. ಖಾಸಗಿ ನೌಕರರು ಕೆಲಸ ಬಿಡುವಾಗ ಪಡೆಯುವ ರಜೆ ಹಣಕ್ಕೆ ಜೀವಮಾನದ ವಿನಾಯಿತಿ ಮಿತಿ ಏಪ್ರಿಲ್ 2023ರಿಂದ 25 ಲಕ್ಷ. ಜೊತೆಗೆ ಹತ್ತು ತಿಂಗಳ ಸರಾಸರಿ ಬೇಸಿಕ್, ಉಳಿದ ರಜೆಯ ಬೆಲೆ, ಕೈಗೆ ಬಂದ ಹಣ ಇವನ್ನೂ ನೋಡಿ, ನಾಲ್ಕರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ವಿನಾಯಿತಿ. ನಿಮ್ಮ ಲೆಕ್ಕದಲ್ಲಿ ಕಡಿಮೆ ಇರುವುದು 39,867. ಹಿಂದಿನ ಕಂಪನಿಯಿಂದ 2021ರಲ್ಲಿ ರೂ. 31,500 ಬಂದಿತ್ತು ಅಂತ ನೀವು ಬರೆದುಕೊಟ್ಟಿದ್ದೀರಿ, ಅದೂ ಆ 25 ಲಕ್ಷದ ಒಳಗೇ ಸೇರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲೂ ಈ ವಿನಾಯಿತಿ ಉಂಟು.

ಆದಾಯ ತೆರಿಗೆ

ನೀವು ಹೊಸ ಪದ್ಧತಿಯಲ್ಲಿದ್ದೀರಿ. ಲೆಕ್ಕ ಹೀಗಿದೆ.

| ವಿವರ | ರೂ. |
|---|---|
| ಸಂಬಳ, ಏಪ್ರಿಲ್–ಜನವರಿ | 8,20,000 |
| ಹಿಂದೆ ಕೊಟ್ಟ ಇನ್ಸೆಂಟಿವ್ | 42,000 |
| ಫೆಬ್ರವರಿ ಸಂಬಳ | 43,929 |
| ಈಗಿನ ಇನ್ಸೆಂಟಿವ್ | 24,000 |
| ಒಟ್ಟು | 9,29,929 |
| ಸ್ಟಾಂಡರ್ಡ್ ಡಿಡಕ್ಷನ್ ಕಳೆದು | 75,000 |
| ತೆರಿಗೆಗೆ ಬರುವ ಆದಾಯ (ದುಂಡು ಮಾಡಿ) | 8,54,930 |
| 3ರಿಂದ 7 ಲಕ್ಷಕ್ಕೆ ಶೇ. 5 | 20,000 |
| 7 ಲಕ್ಷ ದಾಟಿದ 1,54,930ಕ್ಕೆ ಶೇ. 10 | 15,493 |
| ಸೆಸ್ ಶೇ. 4 ಸೇರಿಸಿ (ದುಂಡು ಮಾಡಿ) | 36,910 |
| ಜನವರಿವರೆಗೆ ಹಿಡಿದದ್ದು | 31,870 |
| ಈಗ ಹಿಡಿಯಬೇಕಾದದ್ದು | 5,040 |

ಇಲ್ಲಿ ಒಂದು ಮಾತು. ನೋಟಿಸ್‌ಗೆ ಹಿಡಿದ 36,800ವನ್ನು ನಾವು ತೆರಿಗೆಯ ಆದಾಯದಿಂದ ಕಳೆದಿಲ್ಲ. ಸಂಬಳ ಪೂರ್ತಿ ತೋರಿಸಿ ಟಿಡಿಎಸ್ ಹಿಡಿಯುವುದೇ ನಮ್ಮ ಪದ್ಧತಿ. ಕೈಗೆ ಬಾರದ ಹಣಕ್ಕೆ ತೆರಿಗೆ ಯಾಕೆ ಅಂತ ನಿಮಗೆ ಅನ್ನಿಸಬಹುದು, ನ್ಯಾಯವೇ. ರಿಟರ್ನ್ ಹಾಕುವಾಗ ಅದನ್ನು ಕೇಳಬಹುದಾ ಅಂತ ನಿಮ್ಮ ಆಡಿಟರ್ ಹತ್ತಿರ ಮಾತಾಡಿ. ಅದಕ್ಕೆ ಈ ಪತ್ರವೇ ಆಧಾರ, ಜೋಪಾನವಾಗಿ ಇಟ್ಟುಕೊಳ್ಳಿ.

ಹೊಸ ಕಂಪನಿಗೆ ಇಲ್ಲಿಯ ಸಂಬಳ ಮತ್ತು ಟಿಡಿಎಸ್ ವಿವರವನ್ನು ಫಾರ್ಮ್ 12ಬಿಯಲ್ಲಿ ಕೊಡಿ. ಮರೆಯಬೇಡಿ. ಕೊಡದಿದ್ದರೆ ಅವರೂ ಸೊನ್ನೆಯಿಂದ ಲೆಕ್ಕ ಶುರು ಮಾಡುತ್ತಾರೆ, ಅವರೂ 75,000 ಕಳೆಯುತ್ತಾರೆ, ಮಾರ್ಚ್‌ನಲ್ಲಿ ಟಿಡಿಎಸ್ ಇಲ್ಲದೆ ಪೂರ್ತಿ ಸಂಬಳ ಬರುತ್ತದೆ. ಆಮೇಲೆ ಜುಲೈನಲ್ಲಿ ರಿಟರ್ನ್ ಹಾಕುವಾಗ ಎಲ್ಲ ಒಟ್ಟಿಗೆ ಕಟ್ಟಬೇಕಾಗುತ್ತದೆ. ಪ್ರತಿ ವರ್ಷ ಯಾರಾದರೂ ಒಬ್ಬರು ಆಗ ನನಗೆ ಫೋನ್ ಮಾಡುತ್ತಾರೆ.

ಈಗ ಹಿಡಿದ ಟಿಡಿಎಸ್ ಮಾರ್ಚ್ 7ರೊಳಗೆ ಸರ್ಕಾರಕ್ಕೆ ಕಟ್ಟುತ್ತೇವೆ. ಫಾರ್ಮ್ 16 ಜೂನ್ 15ರೊಳಗೆ ನಿಮ್ಮ ಸ್ವಂತ ಇಮೇಲ್‌ಗೆ ಬರುತ್ತದೆ. ಕಂಪನಿಯ ಇಮೇಲ್ ಮುಚ್ಚಲಾಗಿದೆ.

ಉಳಿದ ಬಾಬ್ತುಗಳು

ಮುಂಗಡ: ನವೆಂಬರ್‌ನಲ್ಲಿ ತೆಗೆದುಕೊಂಡಿದ್ದು 20,000. ಡಿಸೆಂಬರ್, ಜನವರಿಯಲ್ಲಿ 5,000ದಂತೆ ತೀರಿದೆ, ಬಾಕಿ 10,000. ಮೊತ್ತ 20,000 ದಾಟದ ಕಾರಣ ಬಡ್ಡಿಯಿಲ್ಲದ ಸಾಲ ಅಂತ ತೆರಿಗೆಗೆ ಏನೂ ಸೇರಿಸಿಲ್ಲ.

ಟೂರ್ ಬಿಲ್: ನೀವು ಕೊಟ್ಟದ್ದು 7,130, ಪಾಸ್ ಆಗಿದ್ದು 6,480. ಉಳಿದ 650 ಡೀಲರ್‌ಗಳ ಜೊತೆ ತಿಂದ ಮಂಡಕ್ಕಿ, ಮಿರ್ಚಿ, ಚಹಾದ್ದು. ಹಣ ಖರ್ಚಾಗಿದ್ದು ಸುಳ್ಳಲ್ಲ. ಆದರೆ ಸುಮ್ನೆ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೀರಿ, ಅಂಗಡಿಯ ಹೆಸರೂ ಇಲ್ಲ. ಅದನ್ನು ಪಾಸ್ ಮಾಡಲು ನನಗೆ ಅಧಿಕಾರವಿಲ್ಲ.

ಗ್ರಾಚ್ಯುಟಿ: ಐದು ವರ್ಷ ತುಂಬಿಲ್ಲ, ಹಾಗಾಗಿ ಇಲ್ಲ.

ಪಿಎಫ್: ಫೆಬ್ರವರಿ ಹಣ ಕಟ್ಟಿದ ಮೇಲೆ ಕೆಲಸ ಬಿಟ್ಟ ದಿನಾಂಕವನ್ನು ನಾವೇ ಹಾಕುತ್ತೇವೆ. ಯುಎಎನ್ ಹಳೆಯದೇ. ಹೊಸ ಕಡೆಗೆ ವರ್ಗಾಯಿಸಿಕೊಳ್ಳಿ, ಬಿಡಿಸಿಕೊಳ್ಳಬೇಡಿ. ಒಟ್ಟು ಸೇವೆ ಐದು ವರ್ಷ ಆಗುವ ಮೊದಲೇ ತೆಗೆದರೆ ಅದಕ್ಕೆ ತೆರಿಗೆ ಬೀಳುತ್ತದೆ.

ಲ್ಯಾಪ್‌ಟಾಪ್, ಚಾರ್ಜರ್, ಸಿಮ್, ಡೆಮೊ ಪಂಪಿನ ಕಿಟ್ ಎಲ್ಲ ಬಂದಿದೆ. ಗುರುತಿನ ಚೀಟಿಯೊಂದು ಬಂದಿಲ್ಲ.

ಇದರಲ್ಲಿ ಏನಾದರೂ ತಪ್ಪು ಕಂಡರೆ ಫೆಬ್ರವರಿ 27ರ ಸಂಜೆಯೊಳಗೆ ತಿಳಿಸಿ. 26ಕ್ಕೆ ಶಿವರಾತ್ರಿ, ಕಚೇರಿ ಇರುವುದಿಲ್ಲ. ಹಣ 28ರಂದು ನಿಮ್ಮ ಸಂಬಳದ ಖಾತೆಗೇ ಹೋಗುತ್ತದೆ. ಅನುಭವ ಪತ್ರ ಮತ್ತು ಬಿಡುಗಡೆ ಪತ್ರ ಇದರ ಜೊತೆಗಿವೆ.

ಇಂತಿ,
ಮುಖ್ಯಸ್ಥೆ, ಸಂಬಳ ಮತ್ತು ಲೆಕ್ಕಪತ್ರ ವಿಭಾಗ

ನೌಕರರ ಒಪ್ಪಿಗೆ

ಮೇಲಿನ ಲೆಕ್ಕವನ್ನು ಓದಿ ನೋಡಿದ್ದೇನೆ. ರೂ. 60,286 ನನ್ನ ಖಾತೆಗೆ ಜಮೆಯಾದ ಮೇಲೆ ಸಂಬಳ, ರಜೆ ಹಣ, ಇನ್ಸೆಂಟಿವ್ ಬಾಬ್ತು ಕಂಪನಿಯಿಂದ ನನಗೆ ಬರಬೇಕಾದ ಬಾಕಿ ಇರುವುದಿಲ್ಲ. ಪಿಎಫ್ ಖಾತೆಯ ಹಣ ಇದಕ್ಕೆ ಸೇರಿಲ್ಲ.

ಕೈಬರಹದಲ್ಲಿ ಸೇರಿಸಿದ್ದು: ಡಿಸೆಂಬರ್ 11 ಸರಿ ಮಾಡಿದ್ದಕ್ಕೆ ಥ್ಯಾಂಕ್ಸ್ ಮೇಡಂ. 650ಕ್ಕೆ ನನ್ನ ಒಪ್ಪಿಗೆ ಇಲ್ಲ, ಮಂಡಕ್ಕಿ ಅಂಗಡಿಯವರು ಬಿಲ್ ಎಲ್ಲಿ ಕೊಡ್ತಾರೆ? ಸೇಲ್ಸ್ ಮುಖ್ಯಸ್ಥರ ಹತ್ತಿರ ಮಾತಾಡ್ತೀನಿ. ಉಳಿದದ್ದಕ್ಕೆ ಒಪ್ಪಿದ್ದೇನೆ.

ಸಹಿ: ಮಂಜುನಾಥ್
ದಾವಣಗೆರೆ, 25 ಫೆಬ್ರವರಿ 2025