ಫೆಬ್ರವರಿ 22ರ ಭಾನುವಾರ ಸಮುದಾಯ ಭವನ ಕಾಯ್ದಿರಿಸುವ ಬಗ್ಗೆ

ಮೈಸೂರು
8-1-2026

ಕಾರ್ಯದರ್ಶಿಗಳಿಗೆ,
ಬಡಾವಣೆಯ ನಿವಾಸಿಗಳ ಸಂಘ

ಮಾನ್ಯರೇ,

ನಮಸ್ಕಾರ. ನಾನು 3ನೇ ಅಡ್ಡರಸ್ತೆಯ 47ನೇ ಮನೆಯವಳು. ನನ್ನ ಸೊಸೆಯ ಸೀಮಂತ ಫೆಬ್ರವರಿ 22, ಭಾನುವಾರಕ್ಕೆ ನಿಶ್ಚಯವಾಗಿದೆ. ಅಂದು ಬೆಳಿಗ್ಗೆ 7ರಿಂದ ಸಂಜೆ 5ರವರೆಗೆ ಭವನವನ್ನು ನಮಗೆ ಕೊಡಬೇಕೆಂದು ಕೋರುತ್ತೇನೆ.

ಪುರೋಹಿತರು ಹತ್ತೂವರೆಗೆ ಮುಹೂರ್ತ ಇಟ್ಟಿದ್ದಾರೆ. ಆರತಿ, ಮಡಿಲು ತುಂಬುವುದು ಮುಗಿದ ಮೇಲೆ ಊಟ. ನಾಲ್ಕೂವರೆಗೆ ರಾಹುಕಾಲ ಹಿಡಿಯುತ್ತದೆ, ಅಷ್ಟರೊಳಗೆ ಬೀಗರು ಮಗಳನ್ನು ಕರೆದುಕೊಂಡು ಹೊರಡಬೇಕು. ಹಾಗಾಗಿ ಭವನ ತಡವಾಗಿ ಬಿಡುತ್ತಾರೆಂಬ ಚಿಂತೆ ನಿಮಗೆ ಬೇಡ. ಬರುವವರು ಮಕ್ಕಳೂ ಸೇರಿ ಸುಮಾರು 120 ಮಂದಿ. ಊಟದ ಮನೆಯಲ್ಲಿ ಒಮ್ಮೆಗೆ 60 ಎಲೆ ಹಾಕಬಹುದಾದ್ದರಿಂದ ಎರಡು ಪಂಕ್ತಿಗೆ ಸರಿಹೋಗುತ್ತದೆ. ನಾದಸ್ವರದವರು ಊಟದ ಹೊತ್ತಿಗೆ ನಿಲ್ಲಿಸುತ್ತಾರೆ, ಧ್ವನಿವರ್ಧಕ ಇರುವುದಿಲ್ಲ.

ಇನ್ನು ಬಾಡಿಗೆಯ ವಿಷಯ. ಸೂಚನಾ ಫಲಕದಲ್ಲಿ ಸದಸ್ಯರಿಗೆ ದಿನಕ್ಕೆ 6,000 ರೂಪಾಯಿ, ಠೇವಣಿ 5,000 ಎಂದಿದೆ. ಆದರೆ ಡಿಸೆಂಬರಿನಲ್ಲಿ ನಾಮಕರಣ ಮಾಡಿದ ನಮ್ಮ ಪಕ್ಕದ ಮನೆಯವರಿಗೆ ಲೆಕ್ಕ ಮುಗಿಯುವಾಗ ಬಾಡಿಗೆಯೇ 8,700 ಆಯಿತಂತೆ. ಹೆಚ್ಚಿನದು ಯಾವುದಕ್ಕೆ ಎಂದು ಕೇಳಿದರೆ ಅವರಿಗೂ ಸರಿಯಾಗಿ ಗೊತ್ತಿಲ್ಲ. ಕೊಡಲು ನಮ್ಮ ತಕರಾರಿಲ್ಲ, ಮೊದಲೇ ಗೊತ್ತಾದರೆ ಸಾಕು. ವಿದ್ಯುತ್ತಿಗೆ ಮೀಟರ್ ನೋಡಿ ಹಣ ತೆಗೆದುಕೊಳ್ಳುತ್ತೀರೋ, ಅದು 6,000ದಲ್ಲೇ ಸೇರಿದೆಯೋ? ಜನರೇಟರ್ ಓಡಿದರೆ ಡೀಸೆಲ್ ಯಾರದು? ಸ್ವಚ್ಛತೆಗೆ ಬೇರೆ ದರವಿದೆಯೇ, ಎಂಜಲೆಲೆ ಸಾಗಿಸುವುದೂ ಅದರಲ್ಲೇ ಬರುತ್ತದೆಯೇ? ಅಡುಗೆಯವರು ಶನಿವಾರ ಸಂಜೆ 6ಕ್ಕೇ ಪಾತ್ರೆ ಇಳಿಸಿ ತರಕಾರಿ ಹೆಚ್ಚಿಕೊಳ್ಳಬೇಕು ಎನ್ನುತ್ತಿದ್ದಾರೆ. ಅವರಿಗೆ ಬೇಕಾಗಿರುವುದು ಹಿಂದಿನ ಅಡುಗೆಮನೆ ಮಾತ್ರ. ಅದಕ್ಕೆ ಅರ್ಧ ದಿನದ ಬಾಡಿಗೆ ಹಾಕುತ್ತೀರಾ? ಠೇವಣಿ ಅಂದೇ ಸಂಜೆ ಮರಳಿ ಸಿಗುತ್ತದೆಯೇ ಎಂಬುದನ್ನೂ ತಿಳಿಸಿ.

ಇನ್ನೊಂದು ಮಾತು. ಆ ನಾಮಕರಣದ ದಿನ ಅಡುಗೆಮನೆಯಲ್ಲಿ ಗ್ರೈಂಡರ್ ಹಾಕಿದ ಕೂಡಲೇ ಹಾಲಿನ ಫ್ಯಾನುಗಳೆಲ್ಲ ನಿಂತು, ಪುರೋಹಿತರು ಬೆವರು ಒರೆಸಿಕೊಳ್ಳುತ್ತಲೇ ಮಂತ್ರ ಹೇಳಿದ್ದನ್ನು ನಾನೇ ನೋಡಿದ್ದೇನೆ. ಈ ಸಲ ಹಾಲಿನಲ್ಲಿ ಕೂರುವವಳು ಏಳು ತಿಂಗಳ ಬಸುರಿ. ಅಷ್ಟರೊಳಗೆ ಎಲೆಕ್ಟ್ರಿಷಿಯನ್ನನ್ನು ಕರೆಸಿ ಒಮ್ಮೆ ನೋಡಿಸಿದರೆ ಉಪಕಾರವಾಗುತ್ತದೆ.

ಆ ದಿನ ಭವನ ಖಾಲಿ ಇದ್ದರೆ ನಮ್ಮ ಹೆಸರಿಗೆ ಬರೆದುಕೊಂಡು, ಒಟ್ಟು ಮೊತ್ತವನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಇದೇ ಭಾನುವಾರ ಬೆಳಿಗ್ಗೆ ನನ್ನ ಮಗ ಸಂಘದ ಕಚೇರಿಗೆ ಬಂದು ಮುಂಗಡ ಕಟ್ಟಿ ರಸೀದಿ ಪಡೆಯುತ್ತಾನೆ. ಖಾಲಿ ಇಲ್ಲದಿದ್ದರೆ ಅದಕ್ಕೂ ಮುಂಚೆಯೇ ಹೇಳಿಕಳುಹಿಸಿ, ಬೇರೆ ಕಡೆ ವಿಚಾರಿಸಬೇಕಾಗುತ್ತದೆ.

ನೀವೂ ಮನೆಯವರೆಲ್ಲರೂ ಅಂದು ಊಟಕ್ಕೆ ಬರಬೇಕು. ಕರೆಯಲು ಕುಂಕುಮ ಹಿಡಿದು ಮನೆಗೇ ಬರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ನಾಗರತ್ನ
ಮನೆ ಸಂಖ್ಯೆ 47, 3ನೇ ಅಡ್ಡರಸ್ತೆ