ನಿನ್ನೆ ಫೋನಲ್ಲಿ ಮಾತಾಡಿದ್ದು: ಬಾಡಿಗೆ, ಅಡ್ವಾನ್ಸ್, ಸೋರಿಕೆ ರಿಪೇರಿ

ಮೇಡಂ, ನಮಸ್ಕಾರ.

ನಿನ್ನೆ, ಜೂನ್ 15, ಭಾನುವಾರ ಸಂಜೆ ನಾವು ಸುಮಾರು ಮುಕ್ಕಾಲು ಗಂಟೆ ಮಾತಾಡಿದೆವಲ್ಲ, ಅದನ್ನೆಲ್ಲ ನೆನಪು ಹಸಿಯಾಗಿರುವಾಗಲೇ ಬರೆದು ಕಳಿಸುತ್ತಿದ್ದೇನೆ. ಮೆಸೇಜ್ ಉದ್ದ ಆಗಿದೆ, ಬಿಡುವಾದಾಗ ಓದಿ. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ ಖಂಡಿತ ಅಲ್ಲ. ಮಾತಲ್ಲಿ ಆಗಿದ್ದು ಆರು ತಿಂಗಳಾದ ಮೇಲೆ ನನಗೊಂದು ಥರ, ನಿಮಗೊಂದು ಥರ ನೆನಪಿರುತ್ತದೆ. ಆಗ ಮನಸ್ಸು ಕೆಡಿಸಿಕೊಳ್ಳೋದು ಇಬ್ಬರಿಗೂ ಬೇಡ. ಎಲ್ಲಾದರೂ ನಾನು ತಪ್ಪು ಬರೆದಿದ್ದರೆ ದಯವಿಟ್ಟು ಅಲ್ಲಲ್ಲೇ ತಿದ್ದಿ ಹೇಳಿ.

ಮೊದಲು ಬಾಡಿಗೆ. ಈಗಿನ ಅಗ್ರಿಮೆಂಟ್ ಜುಲೈ 31ಕ್ಕೆ ಮುಗಿಯುತ್ತದೆ. ನೀವು 17,500 ಕೇಳಿದಿರಿ, ನಾನು ಅಷ್ಟು ಆಗಲ್ಲ ಅಂದೆ, ಕೊನೆಗೆ 16,800 ಅಂತ ಒಪ್ಪಿಕೊಂಡೆವು. ಅಂದರೆ ಈಗಿನ 16,000ದ ಮೇಲೆ 800 ರೂಪಾಯಿ ಜಾಸ್ತಿ. ಇದು ಆಗಸ್ಟ್ ತಿಂಗಳ ಬಾಡಿಗೆಯಿಂದ ಶುರು, ಜುಲೈಗೆ ಹಳೆಯ ಬಾಡಿಗೆಯೇ. ಮುಂದೆ 2026ರ ಜುಲೈ 31ರ ತನಕ ಮತ್ತೆ ಏರಿಸುವುದಿಲ್ಲ ಅಂದಿರಿ. ಈಗಿನ ಹಾಗೆಯೇ ಪ್ರತಿ ತಿಂಗಳು 5ನೇ ತಾರೀಖಿನೊಳಗೆ ನಿಮ್ಮ ಖಾತೆಗೆ ಹಾಕುತ್ತೇನೆ. ನೀರಿನ ಬಿಲ್ ಬಾಡಿಗೆಯಲ್ಲೇ ಸೇರಿದೆ, ಕರೆಂಟ್ ಬಿಲ್ ನಮ್ಮದು. ಅದರಲ್ಲಿ ಏನೂ ಬದಲಾವಣೆ ಇಲ್ಲ.

ಗೀಸರ್ ಲೆಕ್ಕ ಒಂದಿದೆ. ಕಳೆದ ವಾರ ನಿಮಗೆ ಹೇಳಿಯೇ ರಿಪೇರಿ ಮಾಡಿಸಿದ್ದೆ. ಎಲಿಮೆಂಟ್, ಥರ್ಮೋಸ್ಟ್ಯಾಟ್ ಎರಡೂ ಸೇರಿ 1,450, ಕೂಲಿ 500, ಒಟ್ಟು 1,950. ಇದನ್ನು ಜುಲೈ ಬಾಡಿಗೆಯಲ್ಲಿ ಹಿಡಿದುಕೊಳ್ಳಿ ಅಂದಿರಿ. ಹಾಗಾಗಿ ಜುಲೈನಲ್ಲಿ ನಿಮಗೆ ಬರುವುದು 14,050. ಕಡಿಮೆ ಬಂತಲ್ಲ ಅಂತ ಗಾಬರಿ ಆಗಬೇಡಿ. ಬಿಲ್ಲಿನ ಫೋಟೋ ಇದರ ಜೊತೆಗೇ ಕಳಿಸಿದ್ದೇನೆ, ಹಳೆಯ ಎಲಿಮೆಂಟನ್ನೂ ಎಸೆದಿಲ್ಲ, ನೀವು ಬಂದಾಗ ನೋಡಬಹುದು. ಅಡುಗೆಮನೆ ಸಿಂಕಿನ ನಲ್ಲಿ ಮುರಿದಿದ್ದು ನಮ್ಮ ಕೈಯಿಂದಲೇ, ಅದರ 650 ನಾನೇ ಕೊಟ್ಟಿದ್ದೇನೆ. ಅದನ್ನು ಲೆಕ್ಕಕ್ಕೆ ತಂದಿಲ್ಲ.

ಈಗ ಅಡ್ವಾನ್ಸ್ ವಿಷಯ. ನಿಜ ಹೇಳಬೇಕೆಂದರೆ ಮೂರು ವರ್ಷದಿಂದ ನನ್ನ ತಲೆಯಲ್ಲಿ ಕೊರೆಯುತ್ತಿದ್ದ ವಿಷಯ ಇದೇ. 2022ರ ಆಗಸ್ಟಲ್ಲಿ ಮನೆಗೆ ಬಂದಾಗ ಒಟ್ಟು ಒಂದು ಲಕ್ಷ ಕೊಟ್ಟಿದ್ದೆ. ಅದರಲ್ಲಿ 80,000 ಬ್ಯಾಂಕಿನಿಂದ ಹಾಕಿದ್ದು, ಅದಕ್ಕೆ ದಾಖಲೆ ಇದೆ. ಉಳಿದ 20,000 ಬೀಗದ ಕೈ ತೆಗೆದುಕೊಂಡ ದಿನ ನಿಮ್ಮ ಯಜಮಾನರ ಕೈಗೆ ನಗದು ಕೊಟ್ಟೆ. ಅವರು ಹಾಲ್‌ನಲ್ಲಿ ಕಿಟಕಿ ಕಟ್ಟೆ ಮೇಲೆ ಕೂತು ಎರಡು ಸಲ ಎಣಿಸಿ, ಸರಿಯಾಗಿದೆ ಅಂದು ಜೇಬಿಗೆ ಹಾಕಿಕೊಂಡರು. ರಸೀದಿ ಆಮೇಲೆ ಬರೆಯೋಣ ಅಂದವರು, ಪಾಪ, ಸಾಮಾನು ಇಳಿಸುವ ಗಲಾಟೆಯಲ್ಲಿ ಮರೆತರು, ನಾನೂ ಕೇಳಲಿಲ್ಲ. ಅಗ್ರಿಮೆಂಟಿನಲ್ಲೂ 80,000 ಅಂತ ಮಾತ್ರ ಇದೆ. ನಿನ್ನೆ ಕೇಳಿದಾಗ ನೀವು ಅವರನ್ನು ವಿಚಾರಿಸಿ ಬಂದು, ಹೌದು, 20,000 ನಗದು ಬಂದಿದೆ, ಅಡ್ವಾನ್ಸ್ ಒಟ್ಟು ಒಂದು ಲಕ್ಷ ಅಂತ ಹೇಳಿದಿರಿ. ತುಂಬಾ ಸಮಾಧಾನ ಆಯಿತು ಮೇಡಂ. ಹೊಸ ಅಗ್ರಿಮೆಂಟಿನಲ್ಲಿ 1,00,000 ಅಂತಲೇ ಬರೆಸುವುದು ಅಂತ ಆಯಿತು. ಬಾಡಿಗೆ ಏರಿದ್ದಕ್ಕೆ ಅಡ್ವಾನ್ಸ್ ಏರಿಸುವುದಿಲ್ಲ ಅಂತಲೂ ಹೇಳಿದಿರಿ.

ಮನೆ ಬಿಡುವಾಗಿನ ಲೆಕ್ಕವೂ ಮಾತಾಯಿತು. ಸದ್ಯಕ್ಕೆ ನಾವೇನೂ ಬಿಡುತ್ತಿಲ್ಲ, ಆದರೂ ಬರೆದಿಡುತ್ತೇನೆ. ಯಾರೇ ಹೇಳಿದರೂ ಎರಡು ತಿಂಗಳು ಮುಂಚೆ ಹೇಳಬೇಕು. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇನೆ ಅಂದಿದ್ದಿರಿ. ಬಾಡಿಗೆ ಏರಿದ ಹಾಗೆಲ್ಲ ಅದೂ ಏರುತ್ತಲ್ಲ ಅಂತ ನಾನು ಹೇಳಿದ ಮೇಲೆ 10,000 ಅಂತ ಖಾಯಂ ಮಾಡಿದಿರಿ. ಮಿಕ್ಕ 90,000ದಲ್ಲಿ ಬೀಗದ ಕೈ ಕೊಡುವ ದಿನವೇ 70,000, ಆಮೇಲೆ ಕೊನೆಯ ಕರೆಂಟ್ ಬಿಲ್ ನೋಡಿಕೊಂಡು 15 ದಿನದೊಳಗೆ 20,000. ಬಿಲ್ ಬಾಕಿ ಇದ್ದರೆ ಅದರಲ್ಲಿ ಕಳೆಯಬಹುದು. ನಾವೇ ಒಡೆದ, ಮುರಿದ ವಸ್ತು ಇದ್ದರೆ ಅದಕ್ಕೂ ಹಿಡಿಯಬಹುದು, ಆದರೆ ಏನು, ಎಷ್ಟು ಅಂತ ಬಿಲ್ ತೋರಿಸಿ. ಹಾಲ್‌ನಲ್ಲಿ ಟಿವಿಗೆ ಹೊಡೆದ ನಾಲ್ಕು ತೂತು ನಾವೇ ಮುಚ್ಚಿಸಿ ಕೊಡುತ್ತೇವೆ. ಬಳಸಿ ಸವೆದ ಬಾಗಿಲ ಪಾಲಿಶ್, ಮಾಸಿದ ಗೋಡೆ, ಇಂಥದ್ದಕ್ಕೆ ಬೇರೆ ದುಡ್ಡಿಲ್ಲ, ಅದು ಆ 10,000ದಲ್ಲೇ ಬಂತು.

ಸೋರುತ್ತಿರುವ ರೂಮಿನ ಗೋಡೆ ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಅಲ್ಲಿ ಹಾಳಾಗಿರುವ ಗಾರೆ, ಬಣ್ಣ ಯಾವುದಕ್ಕೂ ನಮ್ಮ ಅಡ್ವಾನ್ಸಿನಲ್ಲಿ ಹಿಡಿಯುವುದಿಲ್ಲ ಅಂತ ನೀವು ಒಪ್ಪಿಕೊಂಡಿರಿ. ಇದನ್ನು ಎರಡು ಸಲ ಕೇಳಿದ್ದಕ್ಕೆ ನಿಮಗೆ ಸ್ವಲ್ಪ ಬೇಸರ ಆಯಿತೇನೋ, ಕ್ಷಮಿಸಿ. ಆ ಗೋಡೆಯ ಸ್ಥಿತಿ ನೋಡಿದರೆ ನಾನು ಯಾಕೆ ಕೇಳಿದೆ ಅಂತ ನಿಮಗೂ ಗೊತ್ತಾಗುತ್ತದೆ.

ಫೋನಲ್ಲಿ ಸರಿಯಾಗಿ ವಿವರಿಸಲು ಆಗಲಿಲ್ಲ, ಇಲ್ಲಿ ಹೇಳುತ್ತೇನೆ. ಮಾರ್ಚಲ್ಲಿ ಬೀರು ಹಿಂದೆ, ಮೂಲೆಯಲ್ಲಿ, ಅಂಗೈ ಅಗಲದ ಕಲೆ ಇತ್ತು. ಮಳೆಗಾಲ ಆಗಿರಲಿಲ್ಲ, ಹಾಗಾಗಿ ಅನುಮಾನ ಬಂದು ಕಲೆಯ ಅಂಚಿಗೆ ಪೆನ್ಸಿಲಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದೆ. ಹದಿನೈದು ದಿನಕ್ಕೊಂದು ಗೆರೆ. ಈಗ ಒಂದರ ಹೊರಗೊಂದು ಆರು ಗೆರೆ ಆಗಿವೆ, ಕೊನೆಯದು ಕಿಟಕಿ ಚೌಕಟ್ಟಿನ ಹತ್ತಿರ ಬಂದಿದೆ. ಬಣ್ಣ ಗುಳ್ಳೆ ಎದ್ದು, ಕೈ ಇಟ್ಟರೆ ಪುಡಿಪುಡಿಯಾಗಿ ಉದುರುತ್ತದೆ, ಕೆಳಗೆ ಕಪ್ಪು ಬೂಷ್ಟು. ಅಮ್ಮ ಆ ರೂಮಲ್ಲೇ ಮಲಗುತ್ತಿದ್ದರು. ಕೆಮ್ಮು ನಿಲ್ಲದೆ ಇದ್ದಿದ್ದರಿಂದ ಮೂರು ವಾರದಿಂದ ಅವರ ಮಂಚ ಹಾಲ್‌ಗೆ ಬಂದಿದೆ. ವಯಸ್ಸಾದವರು, ರಾತ್ರಿ ಎರಡು ಸಲ ಏಳುತ್ತಾರೆ, ಹಾಲ್‌ನಿಂದ ಬಚ್ಚಲಿಗೆ ಕತ್ತಲಲ್ಲಿ ನಡೆಯಬೇಕು. ನನಗೆ ಅದೇ ಚಿಂತೆ ಜಾಸ್ತಿ.

ನೀರು ಎಲ್ಲಿಂದ ಅಂತಲೂ ನೋಡಿದ್ದೇವೆ. ಮೇಲಿನ ಮನೆಯವರು ಮೇ ತಿಂಗಳಲ್ಲಿ ನಾಲ್ಕು ದಿನ ಊರಲ್ಲಿರಲಿಲ್ಲ, ಆ ನಾಲ್ಕು ದಿನ ಚಾವಣಿಯಿಂದ ಒಂದು ಹನಿಯೂ ಬೀಳಲಿಲ್ಲ. ಅವರು ಬಂದು ಸ್ನಾನ ಶುರು ಮಾಡಿದ ದಿನವೇ ಮಧ್ಯಾಹ್ನ ಮತ್ತೆ ಒದ್ದೆ. ಅವರನ್ನು ಕೇಳಿಕೊಂಡು ಒಂದು ರಾತ್ರಿ ಅವರ ಎಲ್ಲಾ ನಲ್ಲಿ ಮುಚ್ಚಿಸಿ ಮೀಟರ್ ನೋಡಿದೆವು, ಬೆಳಿಗ್ಗೆವರೆಗೂ ಮುಳ್ಳು ಅಲುಗಿಲ್ಲ. ಅಂದರೆ ನೀರು ಬರುವ ಪೈಪ್ ಚೆನ್ನಾಗಿದೆ, ಹೊರಗೆ ಹೋಗುವ ಕಡೆ ಸೋರುತ್ತಿದೆ. ಪ್ಲಂಬರ್ ನೋಡಿ, ಬಚ್ಚಲಿನ ಜಾಲಿ ಕೆಳಗಿರುವ ಟ್ರ್ಯಾಪಿನ ಜಾಯಿಂಟ್ ಬಿಟ್ಟಿರಬೇಕು, ಟೈಲ್ಸ್ ನಡುವಿನ ಸಿಮೆಂಟೂ ಹೋಗಿದೆ ಅಂದರು. ಬರೀ ಮೇಲಿಂದ ಬಿಳಿ ಸಿಮೆಂಟ್ ತುಂಬಿದರೆ ನಾಲ್ಕು ದಿನ ನಿಲ್ಲಬಹುದು, ಅಷ್ಟೇ. ಜಾಲಿ ಸುತ್ತ ಟೈಲ್ಸ್ ತೆಗೆದು ಜಾಯಿಂಟ್ ನೋಡಲೇಬೇಕು.

ನೀವು ಹೇಳಿದ್ದು: ಪ್ಲಂಬರ್ ಈ ಶನಿವಾರ, ಜೂನ್ 21, ಬೆಳಿಗ್ಗೆ 9ಕ್ಕೆ ಬರುತ್ತಾರೆ, ಕೆಲಸ ಮೂರು ದಿನದ್ದು, ಖರ್ಚು ಪೂರ್ತಿ ನಿಮ್ಮದು. ಮೇಲಿನವರಿಗೆ ಇನ್ನೊಂದು ಬಚ್ಚಲಿದೆ, ಆದ್ದರಿಂದ ತೊಂದರೆ ಇಲ್ಲ ಅಂದಿದ್ದಾರೆ. ಅವರಿಗೆ ನೀವೂ ಒಂದು ಮಾತು ಹೇಳಿದರೆ ಒಳ್ಳೆಯದು, ನಾನು ಹೇಳೋದಕ್ಕಿಂತ ನೀವು ಹೇಳಿದರೆ ಅದಕ್ಕೆ ತೂಕ. ಕೆಲಸ ಮುಗಿದ ಮೇಲೆ ಜಾಲಿ ಮುಚ್ಚಿ ಒಂದು ದಿನ ನೀರು ನಿಲ್ಲಿಸಿ, ಕೆಳಗೆ ನಮ್ಮ ರೂಮಲ್ಲಿ ಒದ್ದೆ ಆಗುತ್ತದಾ ಅಂತ ನೋಡಿಯೇ ಪ್ಲಂಬರ್‌ಗೆ ಕೊನೆಯ ದುಡ್ಡು ಕೊಡೋಣ ಅಂದೆ, ನೀವು ಸರಿ ಅಂದಿರಿ.

ಇನ್ನೊಂದು ಮುಖ್ಯವಾದದ್ದು. ಆ ಮೂಲೆಯಲ್ಲೇ ಲೈಟ್ ಪಾಯಿಂಟ್ ಇದೆ. ಎರಡು ಸಲ ಎಂಸಿಬಿ ತಾನಾಗಿ ಬಿತ್ತು. ನೀರು ವೈರಿನ ಪೈಪಿಗೆ ಇಳಿದಿರಬಹುದು ಅಂತ ಹೆದರಿ ಆ ರೂಮಿನ ಎಂಸಿಬಿ ಆಫ್ ಮಾಡಿಯೇ ಇಟ್ಟಿದ್ದೇವೆ. ಎಲೆಕ್ಟ್ರಿಷಿಯನ್ ಕೂಡ ಇದೇ ವಾರ ಬಂದು ನೋಡಲಿ ಅಂತ ಕೇಳಿದ್ದಕ್ಕೆ ಗುರುವಾರದೊಳಗೆ ಕಳಿಸುತ್ತೇನೆ ಅಂದಿರಿ. ದಯವಿಟ್ಟು ಇದನ್ನು ಮುಂದಕ್ಕೆ ಹಾಕಬೇಡಿ. ಗೋಡೆ ಕಾಯಬಹುದು, ಕರೆಂಟ್ ವಿಷಯ ಕಾಯಬಾರದು.

ಗಾರೆ, ಬಣ್ಣ ಯಾವಾಗ ಅನ್ನೋದು ಮಾತ್ರ ತೀರ್ಮಾನ ಆಗಿಲ್ಲ. ನಾನು ಆಗಸ್ಟ್ ಕೊನೆಯೊಳಗೆ ಅಂದೆ, ನೀವು ನೋಡೋಣ ಅಂದಿರಿ. ಒಪ್ಪಿಕೊಂಡಿರಿ ಅಂತ ನಾನು ಬರೆಯುವುದಿಲ್ಲ, ನೋಡೋಣ ಅಂತಲೇ ಬರೆದಿದ್ದೇನೆ. ಸೋರೋದು ನಿಂತ ತಕ್ಷಣ ಬಣ್ಣ ಹೊಡೆಸಿ ಅಂತ ನಾನೂ ಹೇಳಲ್ಲ. ಒಳಗೆ ತೇವ ಇರುವಾಗ ಪುಟ್ಟಿ ಹಚ್ಚಿದರೆ ಮತ್ತೆ ಗುಳ್ಳೆ ಏಳುತ್ತದೆ, ನಿಮ್ಮ ದುಡ್ಡೂ ವ್ಯರ್ಥ. ಸಡಿಲವಾಗಿರುವ ಗಾರೆ ಕೆರೆದು, ಕಿಟಕಿ ತೆಗೆದಿಟ್ಟು ಚೆನ್ನಾಗಿ ಒಣಗಲಿ, ಪೆನ್ಸಿಲ್ ಗೆರೆ ಹಾಕಿ ನಾನೇ ನೋಡುತ್ತಿರುತ್ತೇನೆ. ಒಣಗಿದ ಮೇಲೆ ಫೋಟೋ ಕಳಿಸುತ್ತೇನೆ, ಆಗ ಒಂದು ತಾರೀಖು ಗೊತ್ತು ಮಾಡಿ. ಅಮ್ಮ ಮತ್ತೆ ಆ ರೂಮಿಗೆ ಹೋಗಬೇಕೆಂದರೆ ಬೂಷ್ಟು ಪೂರ್ತಿ ಹೋಗಿರಬೇಕು.

ಸಣ್ಣಪುಟ್ಟದ್ದು: ಅಡುಗೆಮನೆ ಕಿಟಕಿಯ ಹರಿದ ಸೊಳ್ಳೆ ಜಾಲರಿ ನೀವು ಹಾಕಿಸುತ್ತೀರಿ, ಬೀರಿನ ಬಾಗಿಲ ಹಿಂಜು ನಾನು.

ಬುಧವಾರದೊಳಗೆ ಇದಕ್ಕೆ ಒಂದು ಉತ್ತರ ಹಾಕಿ ಮೇಡಂ. ಎಲ್ಲಾ ಸರಿ ಇದ್ದರೆ ಬರೀ ಸರಿ ಅಂದರೆ ಸಾಕು, ಆದರೆ ಆ 20,000 ನಗದು ಬಂದಿದೆ ಅನ್ನೋ ಒಂದು ಸಾಲನ್ನು ಮಾತ್ರ ನಿಮ್ಮ ಮಾತಲ್ಲೇ ಬರೆದು ಕಳಿಸಿ. ಶನಿವಾರ ನಾನು ರಜೆ ಹಾಕಿ ಮನೆಯಲ್ಲೇ ಇರುತ್ತೇನೆ, ಪ್ಲಂಬರ್ ಬಂದ ಕೂಡಲೇ ಫೋನ್ ಮಾಡುತ್ತೇನೆ. ಯಜಮಾನರಿಗೆ ನನ್ನ ನಮಸ್ಕಾರ ತಿಳಿಸಿ.

ಮೊದಲನೇ ಮಹಡಿ ಮನೆಯಿಂದ
ಜೂನ್ 16, 2025, ಸೋಮವಾರ